ಬಸುರಿಯ ನೋಂಬು: ಲೆಕ್ಕ ಹಾಕಬೇಕಾದ್ದು 13 ಗಂಟೆಯಲ್ಲ, 20 ಗಂಟೆ

ರಮಝಾನ್ ಹತ್ತಿರ ಬರುವಾಗ ನಮ್ಮ ಮನೆಗಳಲ್ಲಿ ಒಂದು ಮಾತು ಪ್ರತಿ ವರ್ಷ ಕೇಳುತ್ತದೆ. "ನಾವೆಲ್ಲ ನೋಂಬು ಹಿಡಿದುಕೊಂಡೇ ಏಳೆಂಟು ಮಕ್ಕಳನ್ನು ಹೆತ್ತವರು, ಈಗಿನವರಿಗೆ ಏನಾಗುತ್ತದೆ?" ಹೇಳುವವರು ಹಿರಿಯರು, ಅವರ ಮಾತಿನಲ್ಲಿ ಕೆಟ್ಟ ಉದ್ದೇಶವಿಲ್ಲ. ಕೇಳುವವಳು ಮಾತ್ರ ಮದುವೆಯಾಗಿ ಬಂದ ಸೊಸೆ, ಚೊಚ್ಚಲ ಬಸುರಿ. ಅವಳು ಡಾಕ್ಟರ್ ಏನು ಹೇಳಿದರು ಎಂದು ಬಾಯಿ ಬಿಡುವುದಿಲ್ಲ, ಸುಮ್ಮನೆ ನಿಯ್ಯತ್ ಮಾಡುತ್ತಾಳೆ.

ಬಸುರಿಯರೆಲ್ಲ ನೋಂಬು ಬಿಡಬೇಕು ಎಂದು ನಾನು ಹೇಳುತ್ತಿಲ್ಲ. ಆರೋಗ್ಯವಂತ ಬಸುರಿಯರ ಮೇಲೆ ನಡೆದ ಹಲವು ಅಧ್ಯಯನಗಳಲ್ಲಿ ನೋಂಬಿನಿಂದ ಅವಧಿಗೆ ಮುಂಚೆ ಹೆರಿಗೆಯಾಗುವುದು ಹೆಚ್ಚಾದದ್ದು ಕಂಡಿಲ್ಲ, ಮಗುವಿನ ತೂಕದಲ್ಲೂ ದೊಡ್ಡ ವ್ಯತ್ಯಾಸ ಕಂಡಿಲ್ಲ. ಆದರೆ ಆ ಮಾತು ಹೊಂದುವುದು ಆರೋಗ್ಯವಂತರಿಗೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು, ಬಿ.ಪಿ. ಏರಿದವರು, ಹೊಟ್ಟೆಯಲ್ಲಿ ಅವಳಿ ಇರುವವರು, ಹಿಂದಿನ ಹೆರಿಗೆ ಅವಧಿಗೆ ಮುಂಚೆ ಆದವರು, ರಕ್ತ ತೀರಾ ಕಡಿಮೆ ಇರುವವರು, ತಿಂದದ್ದೆಲ್ಲ ವಾಂತಿಯಾಗಿ ಹೋಗುವವರು, ಮಗುವಿನ ಬೆಳವಣಿಗೆ ಸಾಲದು ಎಂದು ಸ್ಕ್ಯಾನಿಂಗ್‌ನಲ್ಲಿ ಕಂಡವರು ನೋಂಬು ಹಿಡಿಯಬಾರದು. ಇವರ ವಿಷಯದಲ್ಲಿ ಚರ್ಚೆಗೆ ಜಾಗವಿಲ್ಲ. ಚರ್ಚೆ ಬೇಕಾಗಿರುವುದು ಉಳಿದವರ ಬಗ್ಗೆ. "ಆರಾಮ ಇದ್ದೇನೆ, ಹಿಡಿಯುತ್ತೇನೆ" ಎನ್ನುವವರ ಮನೆಯಲ್ಲಿ ನಾವು ಲೆಕ್ಕವನ್ನೇ ತಪ್ಪು ಹಾಕುತ್ತೇವೆ.

ನಮ್ಮ ಕರಾವಳಿಯಲ್ಲಿ ಈ ವರ್ಷಗಳ ರಮಝಾನ್ ಫೆಬ್ರವರಿ-ಮಾರ್ಚ್‌ನಲ್ಲಿ ಬರುತ್ತಿದೆ. ಸುಬ್‌ಹಿ ಬಾಂಗ್‌ನಿಂದ ಮಗ್ರಿಬ್ ಬಾಂಗ್‌ವರೆಗೆ ಸುಮಾರು 13 ಗಂಟೆ. ಕೇಳಲು ದೊಡ್ಡದಲ್ಲ. ಆದರೆ ದೇಹ ಬಾಂಗ್ ನೋಡಿ ಲೆಕ್ಕ ಹಾಕುವುದಿಲ್ಲ, ಕೊನೆಯ ತುತ್ತಿನಿಂದ ಹಾಕುತ್ತದೆ. ಏಳು ತಿಂಗಳ ಬಸುರಿಯೊಬ್ಬಳನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ರಾತ್ರಿ 10 ಗಂಟೆಗೆ ಉಂಡು ಮಲಗಿದಳು. ಅತ್ತಾಳಕ್ಕೆ ಎದ್ದು ಎಲ್ಲರಿಗೂ ಬಡಿಸಿದಳು, ತನಗೆ ಮಾತ್ರ ಆ ಹೊತ್ತಿಗೆ ಅನ್ನ ಇಳಿಯಲಿಲ್ಲ. ಅರ್ಧ ಲೋಟ ಚಾ ಕುಡಿದು ನಿಯ್ಯತ್ ಮಾಡಿದಳು. ಮಗ್ರಿಬ್ 6.40ಕ್ಕೆ. ಅವಳ ಹೊಟ್ಟೆಗೆ ಅನ್ನ ಬಿದ್ದು 20 ಗಂಟೆ 40 ನಿಮಿಷ ಆಯಿತು. ಮನೆಯವರ ನೋಂಬು 13 ಗಂಟೆಯದ್ದು, ಅವಳದ್ದು 20 ಗಂಟೆಯದ್ದು.

ಈ ಏಳು ಗಂಟೆ ಹೆಚ್ಚಾದರೆ ಏನಾಗುತ್ತದೆ? ಹೊಟ್ಟೆಯೊಳಗಿನ ಮಗು ತಾಯಿಯ ರಕ್ತದಿಂದ ಹಗಲು ರಾತ್ರಿ ಸಕ್ಕರೆ ಎಳೆದುಕೊಳ್ಳುತ್ತಲೇ ಇರುತ್ತದೆ, ಅದಕ್ಕೆ ನೋಂಬಿಲ್ಲ. ನಮ್ಮ ಪಿತ್ತಜನಕಾಂಗದಲ್ಲಿ, ಅಂದರೆ ಲಿವರ್‌ನಲ್ಲಿ, ಸ್ವಲ್ಪ ಸಕ್ಕರೆ ಕೂಡಿಟ್ಟಿರುತ್ತದೆ. ಬೇರೆಯವರಿಗಿಂತ ಬಸುರಿಗೆ ಆ ದಾಸ್ತಾನು ಬೇಗ ಬರಿದಾಗುತ್ತದೆ. ಆಮೇಲೆ ದೇಹ ಕೊಬ್ಬು ಕರಗಿಸಿ ನಡೆಯುತ್ತದೆ, ರಕ್ತದಲ್ಲಿ ಕೀಟೋನ್ ಎಂಬ ಆಮ್ಲಗಳು ಏರುತ್ತವೆ. ಇದನ್ನು ವೈದ್ಯರು ತ್ವರಿತ ಹಸಿವಿನ ಸ್ಥಿತಿ ಎನ್ನುತ್ತಾರೆ. 1982ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ, ತಿಂಗಳು ತುಂಬುತ್ತಿರುವ ಆರೋಗ್ಯವಂತ ಬಸುರಿಯರು ರಾತ್ರಿ ಊಟದ ನಂತರ ಬೆಳಗ್ಗಿನ ತಿಂಡಿ ಬಿಟ್ಟು 18 ಗಂಟೆ ಮುಟ್ಟುವಾಗಲೇ ಈ ಬದಲಾವಣೆ ಸ್ಪಷ್ಟವಾಗಿ ಕಂಡಿತ್ತು. ಅಂದರೆ ಅತ್ತಾಳ ಬಿಟ್ಟ ನಮ್ಮ ಬಸುರಿ ಅಸರ್ ಬಾಂಗ್ ಕೇಳುವ ಹೊತ್ತಿಗೆ ಆ ಗೆರೆಗೆ ಬಂದಿರುತ್ತಾಳೆ.

ನೀರಿನ ವಿಷಯ ಇದಕ್ಕಿಂತ ಜೋರು. ಮಾರ್ಚ್ ತಿಂಗಳ ಮಂಗಳೂರು, ಉಳ್ಳಾಲದ ಸೆಖೆಯಲ್ಲಿ ಸುಮ್ಮನೆ ಕುಳಿತರೂ ಬೆವರು ಇಳಿಯುತ್ತದೆ. ಅವಳು ಸುಮ್ಮನೆ ಕುಳಿತಿರುವುದೂ ಇಲ್ಲ. ಲುಹರ್ ಕಳೆದ ಮೇಲೆ ಪತ್ತಿರಿಗೆ ಹಿಟ್ಟು, ಸಮೋಸಕ್ಕೆ ಮಸಾಲೆ, ಎಣ್ಣೆ ಬಾಣಲೆಯ ಮುಂದೆ ಮೂರು ಗಂಟೆ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಉರಿಮೂತ್ರಕ್ಕೆ ದಾರಿಯಾಗುತ್ತದೆ, ತಲೆ ಸುತ್ತುತ್ತದೆ, ಹೊಟ್ಟೆ ಬಿಗಿಹಿಡಿದಂತೆ ಆಗಬಹುದು. ಏಳು ತಿಂಗಳಲ್ಲಿ ಹೊಟ್ಟೆ ಬಿಗಿಯುವುದನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ.

ಅದೇ ದಿನವನ್ನು ಮುಂದುವರಿಸೋಣ. ಸಂಜೆ 4ಕ್ಕೆ ಅವಳಿಗೆ ತಲೆನೋವು. ಬೆಳಗ್ಗಿನಿಂದ ಒಮ್ಮೆ ಮಾತ್ರ ಮೂತ್ರ ಹೋಗಿದೆ, ಅದೂ ಕಡು ಹಳದಿ. 5ಕ್ಕೆ ಹೊಟ್ಟೆ ಒಮ್ಮೆ ಕಲ್ಲಿನಂತಾಗಿ ಸಡಿಲಾಯಿತು, ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಹಾಗೇ ಆಯಿತು. ಮಧ್ಯಾಹ್ನದಿಂದ ಮಗು ಎಂದಿನಂತೆ ಆಡುತ್ತಿಲ್ಲ ಎಂದು ಅನಿಸುತ್ತಿದೆ. ಆಗ ಮನೆಯಲ್ಲಿ ಬರುವ ಮಾತು ಯಾವುದು? "ಇನ್ನು ಒಂದೂವರೆ ಗಂಟೆ ಅಲ್ವಾ, ತಡ್ಕೊ." ಅಪಾಯ ಇರುವುದು ಈ ಮಾತಿನಲ್ಲೇ. ಆ ಕ್ಷಣವೇ ನೋಂಬು ಬಿಡಬೇಕು. ಮೊದಲು ನೀರು, ಜೊತೆಗೆ ಎರಡು ಖರ್ಜೂರ, ಆಮೇಲೆ ಎಳನೀರು ಅಥವಾ ಒಆರ್‌ಎಸ್. ಎಡ ಮಗ್ಗುಲಿಗೆ ಮಲಗಿ ಮಗುವಿನ ಚಲನೆ ಗಮನಿಸಬೇಕು. ಚಲನೆ ಎಂದಿನಂತೆ ಇಲ್ಲದಿದ್ದರೆ, ಹೊಟ್ಟೆ ಬಿಗಿಯುವುದು ನಿಲ್ಲದೆ ಮರುಕಳಿಸಿದರೆ, ನೀರು ಅಥವಾ ರಕ್ತ ಹೋದರೆ ಇಫ್ತಾರ್‌ಗೂ ಕಾಯದೆ, ನಾಳೆಗೂ ಮುಂದೂಡದೆ ಹೆರಿಗೆ ಸೌಲಭ್ಯ ಇರುವ ಆಸ್ಪತ್ರೆಗೆ ಹೋಗಬೇಕು. ತಾಯಿ ಕಾರ್ಡ್ ಕೈಯಲ್ಲಿರಲಿ. ಸಕ್ಕರೆ ಕಾಯಿಲೆ ಇರುವವರು ಗ್ಲುಕೋಮೀಟರ್‌ನಲ್ಲಿ 70ಕ್ಕಿಂತ ಕೆಳಗೆ ಕಂಡರೆ ಮಗ್ರಿಬ್‌ಗೆ ಹತ್ತೇ ನಿಮಿಷ ಇದ್ದರೂ ಬಿಡಬೇಕು. ಬೆರಳಿನಿಂದ ಒಂದು ಹನಿ ರಕ್ತ ತೆಗೆದು ನೋಡಿದರೆ ನೋಂಬು ಮುರಿಯುವುದಿಲ್ಲ.

ನೋಂಬು ಬಿಟ್ಟರೆ ದೀನಿನಲ್ಲಿ ಕುಂದು ಬಂತು ಎಂಬ ಭಯ ಅವಳನ್ನು ಕಾಡುತ್ತದೆ. ಈ ಭಯ ತೆಗೆಯಬೇಕಾದವರು ನಾವು. ಬಸುರಿಗೂ ಹಾಲೂಡಿಸುವ ತಾಯಿಗೂ ನೋಂಬಿನಲ್ಲಿ ರಿಯಾಯಿತಿ ಇದೆ ಎಂಬುದು ಹದೀಸ್‌ನಿಂದಲೇ ಬಂದ ವಿಷಯ, ಡಾಕ್ಟರರು ಹೊಸದಾಗಿ ಹುಟ್ಟಿಸಿದ್ದಲ್ಲ. ನಾವು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ಇದರ ವಿವರವೂ ಇದೆ. ತನ್ನ ಆರೋಗ್ಯಕ್ಕೆ, ಅಥವಾ ತನಗೂ ಮಗುವಿಗೂ ತೊಂದರೆಯಾಗುವ ಭಯದಿಂದ ಬಿಟ್ಟರೆ ಮುಂದೆ ಕಝಾ ವೀಟಿದರೆ ಸಾಕು. ಮಗುವಿನ ಮೇಲಿನ ಭಯದಿಂದ ಮಾತ್ರ ಬಿಟ್ಟಿದ್ದರೆ ಕಝಾದ ಜೊತೆಗೆ ದಿನಕ್ಕೆ ಒಂದು ಮುದ್ದ್‌ನಂತೆ ಅಕ್ಕಿಯನ್ನು ಬಡವರಿಗೆ ಫಿದ್ಯಾ ಕೊಡಬೇಕು. ಹಾಲೂಡಿಸುವ ಕಾರಣದಿಂದ ಮುಂದಿನ ರಮಝಾನ್‌ಗೆ ಮುಂಚೆ ಕಝಾ ಮುಗಿಸಲಾಗದಿದ್ದರೆ ತಡವಾದದ್ದಕ್ಕೆ ಬೇರೆ ದಂಡವಿಲ್ಲ. ತನ್ನ ಸ್ಥಿತಿ ಯಾವುದರಲ್ಲಿ ಬರುತ್ತದೆ ಎಂದು ಮಹಲ್ಲಿನ ಉಸ್ತಾದರಲ್ಲಿ ಕೇಳಿಕೊಳ್ಳಬಹುದು. ಆದರೆ ಕೇಳಲು ಹೋಗುವಾಗ ಡಾಕ್ಟರ್ ಹೇಳಿದ್ದನ್ನು ಮುಚ್ಚಿಡಬಾರದು. ಅದನ್ನು ತಿಳಿಯದೆ ಉಸ್ತಾದರೂ ಸರಿಯಾದ ಉತ್ತರ ಕೊಡಲಾರರು.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಹಿಡಿದರೆ ಪೂರ್ತಿ ತಿಂಗಳು ಹಿಡಿಯಬೇಕು, ಇಲ್ಲದಿದ್ದರೆ ಬಿಡಬೇಕು ಎಂದು ಹಲವರು ಭಾವಿಸಿದ್ದಾರೆ. ನಮ್ಮ ಮದ್‌ಹಬ್‌ನಲ್ಲಿ ಪ್ರತಿ ರಾತ್ರಿ ಬೇರೆ ನಿಯ್ಯತ್, ಪ್ರತಿ ದಿನ ಬೇರೆ ಇಬಾದತ್. ಒಂದು ದಿನದ ನೋಂಬು ಬಿಟ್ಟದ್ದರಿಂದ ಇನ್ನೊಂದು ದಿನದ್ದು ಹಾಳಾಗುವುದಿಲ್ಲ. ಹಾಗಾಗಿ ಡಾಕ್ಟರ್ ಒಪ್ಪಿದ ಆರೋಗ್ಯವಂತ ಬಸುರಿ ಮೊದಲು ಒಂದು ದಿನ ಹಿಡಿದು ನೋಡಬಹುದು, ಒಂದೆರಡು ದಿನ ಬಿಟ್ಟು ಮತ್ತೆ ಹಿಡಿಯಬಹುದು. ಸೆಖೆ ಜಾಸ್ತಿ ಇದ್ದ ದಿನ, ರಾತ್ರಿ ವಾಂತಿಯಾದ ದಿನ ಬಿಡಬಹುದು. ಬಾಕಿ ಉಳಿದದ್ದನ್ನು ಹೆರಿಗೆ ಮುಗಿದು ಮೈಯಲ್ಲಿ ಶಕ್ತಿ ಬಂದ ಮೇಲೆ, ಮಳೆಗಾಲದ ತಂಪಿನಲ್ಲಿ ವೀಟಬಹುದು.

ಹಿಡಿಯುವ ದಿನ ಅತ್ತಾಳ ಬಿಡುವ ಹಾಗಿಲ್ಲ. ಅದಿಲ್ಲದಿದ್ದರೆ ಅಂದು ನೋಂಬೂ ಬೇಡ. ಬಾಂಗ್‌ಗೆ ಅರ್ಧ ಗಂಟೆ ಮುಂಚೆ ಕುಚ್ಚಲಕ್ಕಿ ಗಂಜಿ ಅಥವಾ ಅನ್ನ, ಜೊತೆಗೆ ಮೊಟ್ಟೆಯೋ ಹೆಸರುಕಾಳೋ ಮೀನೋ, ಒಂದು ಬಟ್ಟಲು ಮೊಸರು. ಇವು ನಿಧಾನ ಜೀರ್ಣವಾಗುತ್ತವೆ. ಬರೀ ಚಾ ಬಿಸ್ಕತ್ತು ಹತ್ತು ಗಂಟೆಗೇ ಕೈಬಿಡುತ್ತದೆ. ನೀರನ್ನು ಬಾಂಗ್ ಹೊತ್ತಿಗೆ ಒಮ್ಮೆಲೇ ಒಂದು ಲೀಟರ್ ಕುಡಿದರೆ ಅದು ಮೂತ್ರವಾಗಿ ಹೋಗುತ್ತದೆ. ಮಗ್ರಿಬ್‌ನಿಂದ ಅತ್ತಾಳದ ತನಕ ಒಂದೊಂದೇ ಲೋಟ, ಒಟ್ಟು ಎಂಟು ಹತ್ತು ಲೋಟ ಕುಡಿಯಬೇಕು. ಕಬ್ಬಿಣದ ಮಾತ್ರೆ ಬಿಡಬಾರದು. ಅದನ್ನು ಚಾದ ಜೊತೆ, ಕ್ಯಾಲ್ಸಿಯಂ ಮಾತ್ರೆಯ ಜೊತೆ ನುಂಗಿದರೆ ಮೈಗೆ ಹತ್ತುವುದು ಕಡಿಮೆ. ಒಂದನ್ನು ರಾತ್ರಿ ಊಟವಾದ ಮೇಲೆ, ಇನ್ನೊಂದನ್ನು ಅತ್ತಾಳಕ್ಕೆ ಇಟ್ಟುಕೊಳ್ಳಲಿ. ಉಳಿದ ಮದ್ದುಗಳ ಸಮಯವನ್ನು ಸ್ವಂತವಾಗಿ ಬದಲಿಸದೆ ಡಾಕ್ಟರರಲ್ಲೇ ಕೇಳಲಿ.

ಇಷ್ಟೆಲ್ಲ ಅವಳೊಬ್ಬಳೇ ಮಾಡಲಾರಳು. ಅವಳಿಗೆ ಅತ್ತಾಳ ಇಳಿಯಬೇಕಾದರೆ ಬಡಿಸುವ ಕೆಲಸ ಇನ್ನೊಬ್ಬರು ಮಾಡಬೇಕು. ಅವಳು ಮಧ್ಯಾಹ್ನ ಎರಡು ಗಂಟೆ ಮಲಗಬೇಕಾದರೆ ಸಂಜೆಯ ಪತ್ತಿರಿ ಅಂಗಡಿಯಿಂದ ಬರಲಿ, ಇಲ್ಲವೇ ಅಂದು ಎಣ್ಣೆತಿಂಡಿ ಇಲ್ಲದೆ ಇಫ್ತಾರ್ ನಡೆಯಲಿ. ಖರ್ಜೂರ, ನೀರು, ಗಂಜಿಯಲ್ಲಿ ನೋಂಬು ಬಿಟ್ಟರೆ ಯಾರ ಇಫ್ತಾರೂ ಕಮ್ಮಿಯಾಗುವುದಿಲ್ಲ. ನೋಂಬು ಇಲ್ಲದ ದಿನ ಅವಳು ಬಾಗಿಲು ಹಾಕಿಕೊಂಡು ಅಡುಗೆಮನೆಯ ಮೂಲೆಯಲ್ಲಿ ನಿಂತು ತಿನ್ನುವ ಪರಿಸ್ಥಿತಿ ನಮ್ಮ ಎಷ್ಟೋ ಮನೆಗಳಲ್ಲಿದೆ. ಮೈದುನಂದಿರು ನೋಡುತ್ತಾರೆ, ನೆರೆಮನೆಯವರು ಕೇಳುತ್ತಾರೆ ಎಂಬ ನಾಚಿಕೆ. ಈ ನಾಚಿಕೆಗಾಗಿಯೇ ನೋಂಬು ಬಿಟ್ಟವಳೂ ಹಗಲಿಡೀ ಹಸಿದಿರುತ್ತಾಳೆ. ರಿಯಾಯಿತಿ ಇದ್ದೂ ಅದರ ಪ್ರಯೋಜನ ಮಗುವಿಗೆ ಸಿಗುವುದಿಲ್ಲ. "ಮಗಳೇ, ನಿನಗೆ ಊಟ ತೆಗೆದಿಟ್ಟಿದ್ದೇನೆ, ಕುಳಿತು ಉಣ್ಣು" ಎಂದು ಅತ್ತೆಯೇ ಕರೆದು ಹೇಳಿದರೆ ಆ ಮನೆಯಲ್ಲಿ ಮತ್ತೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ಖತೀಬರಲ್ಲೂ ಒಂದು ವಿನಂತಿ. ನಮ್ಮಲ್ಲಿ ಜುಮಾಕ್ಕೆ ಬರುವವರು ಗಂಡಸರು. ಬಸುರಿ ಹೆಂಡತಿ ಇರುವ ಗಂಡ, ಬಸುರಿ ಸೊಸೆ ಇರುವ ಮಾವ ಅಲ್ಲೇ ಕುಳಿತಿರುತ್ತಾರೆ. ಶಅಬಾನ್ ತಿಂಗಳ ಒಂದು ಶುಕ್ರವಾರ ಐದು ನಿಮಿಷ ಈ ರಿಯಾಯಿತಿಯ ವಿಷಯ ಹೇಳಿ, "ಈ ವಾರವೇ ಅವಳನ್ನು ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿ, ಬಿ.ಪಿ., ಶುಗರ್, ರಕ್ತ ನೋಡಿಸಿ, ನೋಂಬಿನ ವಿಷಯ ಬಾಯಿ ಬಿಟ್ಟು ಕೇಳಿ" ಎಂದರೆ ಸಾಕು. ಚಂದ್ರ ಕಂಡ ರಾತ್ರಿ ಅತ್ತೆ ಸೊಸೆಯರ ನಡುವೆ ತೀರ್ಮಾನವಾಗುವ ವಿಷಯ ಇದಲ್ಲ, ಅದಕ್ಕೆ ಒಂದು ತಿಂಗಳು ಮುಂಚೆಯೇ ಕುಳಿತು ಮಾತಾಡಬೇಕಾದದ್ದು.