ಹತ್ತು ವರ್ಷ ತಡವಾದರೆ ಕೈಬಿಡುವುದು ಯಾವ ಹತ್ತು ವರ್ಷ?

ಬೆಳೆಗಾರರಿಗೆ ಪಿಂಚಣಿ ಎಂಬುದಿಲ್ಲ. ಕೈಕಾಲು ಗಟ್ಟಿಯಿರುವಾಗ ತೋಟವೇ ಪಿಂಚಣಿ. ಅನಂತರ ಕೂಡಿಟ್ಟ ಇಡುಗಂಟೇ ಪಿಂಚಣಿ. ಈ ಇಡುಗಂಟಿನ ವಿಷಯದಲ್ಲಿ ನಮ್ಮ ಸದಸ್ಯ ಬಾಂಧವರ ಮನೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತೊಂದಿದೆ. “ಹುಡುಗನಿಗೆ ಈಗಷ್ಟೇ ಇಪ್ಪತ್ತೈದು. ಹೊಸ ತೋಟ ಕೈಹತ್ತಲಿ, ಮದುವೆಯಾಗಲಿ, ಆಮೇಲೆ ಉಳಿತಾಯ ಮಾಡಿದರಾಯಿತು. ಮೂವತ್ತು ವರ್ಷ ಕಟ್ಟುವ ಬದಲು ಇಪ್ಪತ್ತು ವರ್ಷ ಕಟ್ಟುತ್ತಾನೆ, ಗಂಟು ಮೂರರಲ್ಲೊಂದು ಪಾಲು ಕಡಿಮೆಯಾದೀತು, ಅಷ್ಟೆ.” ಈ ಮಾತಿನಲ್ಲಿ ಲೆಕ್ಕದ ತಪ್ಪಿದೆ ಎಂಬುದು ನಮ್ಮ ಅಭಿಪ್ರಾಯ. ಕಟ್ಟುವ ಹಣ ಮೂರರಲ್ಲೊಂದು ಪಾಲು ಕಡಿಮೆಯಾಗುವುದು ನಿಜ. ಆದರೆ ಗಂಟು ಅರ್ಧಕ್ಕಿಂತಲೂ ಕೆಳಗೆ ಇಳಿಯುತ್ತದೆ. ಅದು ಹೇಗೆಂಬುದನ್ನು ಕಾಗದದ ಮೇಲೆ ಮಾಡಿ ನೋಡೋಣ.

ಒಂದೇ ವಯಸ್ಸಿನ ಇಬ್ಬರು ಬೆಳೆಗಾರರೆಂದು ಭಾವಿಸೋಣ. ಇಬ್ಬರೂ ತಿಂಗಳಿಗೆ 1,000 ರೂಪಾಯಿ, ಅಂದರೆ ವರ್ಷಕ್ಕೆ 12,000 ರೂಪಾಯಿ ತೆಗೆದಿಡುತ್ತಾರೆ. ಮೊದಲನೆಯವನು 25ನೆಯ ವಯಸ್ಸಿನಲ್ಲಿ ಆರಂಭಿಸುತ್ತಾನೆ, ಎರಡನೆಯವನು 35ನೆಯ ವಯಸ್ಸಿನಲ್ಲಿ. ಇಬ್ಬರೂ 55ಕ್ಕೆ ನಿಲ್ಲಿಸುತ್ತಾರೆ. ಬಡ್ಡಿ ಶೇಕಡ 8 ಎಂದು ಹಿಡಿಯೋಣ. ಲೆಕ್ಕ ಸುಲಭವಾಗಲೆಂದು ವರ್ಷದ ಹಣವೆಲ್ಲ ವರ್ಷದ ಕೊನೆಗೆ ಒಟ್ಟಿಗೆ ಸೇರಿತೆಂದೂ ಬಡ್ಡಿಯನ್ನು ತೆಗೆಯದೆ ಅಸಲಿಗೆ ಸೇರಿಸುತ್ತಾ ಹೋದರೆಂದೂ ಇಟ್ಟುಕೊಳ್ಳೋಣ.

ಮಾಡುವ ಕ್ರಮ ಇಷ್ಟೇ. ಹಿಂದಿನ ವರ್ಷದ ಮೊತ್ತವನ್ನು 1.08ರಿಂದ ಗುಣಿಸಿ 12,000 ಕೂಡಿಸಬೇಕು. ಮೊದಲ ವರ್ಷದ ಕೊನೆಗೆ 12,000. ಎರಡನೆಯ ವರ್ಷಕ್ಕೆ 960 ರೂಪಾಯಿ ಬಡ್ಡಿಯೂ ಹೊಸ 12,000ವೂ ಸೇರಿ 24,960. ಮೂರನೆಯ ವರ್ಷಕ್ಕೆ 38,957. ಹೀಗೆಯೇ ಮುಂದುವರಿಸಿದರೆ ಮೊದಲನೆಯವನ ಪುಸ್ತಕದಲ್ಲಿ ಹತ್ತು ವರ್ಷಕ್ಕೆ 1.74 ಲಕ್ಷ, ಇಪ್ಪತ್ತು ವರ್ಷಕ್ಕೆ 5.49 ಲಕ್ಷ, ಮೂವತ್ತು ವರ್ಷಕ್ಕೆ 13.59 ಲಕ್ಷ ರೂಪಾಯಿ ನಿಲ್ಲುತ್ತದೆ. ಎರಡನೆಯವನು ಕಟ್ಟುವುದು ಇಪ್ಪತ್ತೇ ವರ್ಷವಾದ್ದರಿಂದ ಅವನಿಗೆ 55ನೆಯ ವಯಸ್ಸಿಗೆ ಸಿಗುವುದು 5.49 ಲಕ್ಷ. ಕಟ್ಟಿದ ಹಣದಲ್ಲಿ ಇಬ್ಬರಿಗೂ ಇರುವ ಅಂತರ 1.20 ಲಕ್ಷ. ಗಂಟಿನಲ್ಲಿ ಬಿದ್ದ ಅಂತರ 8.10 ಲಕ್ಷ!

ಈ 8.10 ಲಕ್ಷ ಎಲ್ಲಿಂದ ಬಂತು? ಮೊದಲ ಹತ್ತು ವರ್ಷಗಳಲ್ಲಿ ಬಂದ ಬಡ್ಡಿಯೆಲ್ಲ ಸೇರಿದರೂ ಸುಮಾರು 54,000 ರೂಪಾಯಿ ಮಾತ್ರ. ಆದುದರಿಂದಲೇ ಆ ಹತ್ತು ವರ್ಷ ಹೋದರೆ ಹೋಗಲಿ ಎನಿಸುವುದು ಸಹಜ. ಆದರೆ ತಡಮಾಡಿದವನು ಕಳೆದುಕೊಂಡದ್ದು ಆ ವರ್ಷಗಳನ್ನಲ್ಲ. ಅವನೂ 1.74 ಲಕ್ಷದ ಹಂತವನ್ನು ದಾಟುತ್ತಾನೆ, 5.49 ಲಕ್ಷಕ್ಕೂ ಬರುತ್ತಾನೆ. ಅಲ್ಲಿಗೆ ಬರುವಷ್ಟರಲ್ಲಿ ಅವನ ವಯಸ್ಸು 55 ಆಗಿರುತ್ತದೆ. 5.49 ಲಕ್ಷವು 13.59 ಲಕ್ಷವಾಗುವ ಕಡೆಯ ಹತ್ತು ವರ್ಷಗಳು ಅವನಿಗೆ ಸಿಗುವುದೇ ಇಲ್ಲ. ಮೊದಲನೆಯವನಿಗೆ ಮೂವತ್ತನೆಯ ವರ್ಷ ಒಂದರಲ್ಲೇ ಬರುವ ಬಡ್ಡಿ ಸುಮಾರು 99,800 ರೂಪಾಯಿ. ಎರಡನೆಯವನಿಗೆ ಅದೇ ವರ್ಷ ಬರುವುದು ಸುಮಾರು 39,800.

ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆ ಸಸಿ ನೆಟ್ಟರೆ ಐದರಿಂದ ಏಳು ವರ್ಷ ಗೊಬ್ಬರ, ಮಣ್ಣು, ನೀರು, ನೆರಳು ಎಂದು ಕೊಡುವುದೇ ಆಗುತ್ತದೆ. ಹಿಂಗಾರ ಬಿಟ್ಟ ಮೇಲೂ ಮೊದಲ ಒಂದೆರಡು ಫಸಲು ಲೆಕ್ಕಕ್ಕಿಲ್ಲ. ಹತ್ತು ವರ್ಷ ತಡವಾಗಿ ನೆಟ್ಟವನು ಕಳೆದುಕೊಂಡದ್ದು ಸಸಿಯ ಕಾಲದ ಹತ್ತು ವರ್ಷವನ್ನಲ್ಲ. ಆ ಕಾಲವನ್ನು ಅವನೂ ಕಳೆಯಲೇಬೇಕು. ಅವನು ಕಳೆದುಕೊಂಡದ್ದು ಮರ ತುಂಬಿ ಗೊನೆ ಬಿಡುವ ಹತ್ತು ವರ್ಷವನ್ನು. ಚಕ್ರಬಡ್ಡಿಯೂ ಹಾಗೆಯೇ.

ತಡವಾದದ್ದನ್ನು ಹೆಚ್ಚು ಹಣ ಕಟ್ಟಿ ಸರಿದೂಗಿಸಬಹುದಲ್ಲ ಎಂದು ಕೇಳಬಹುದು. ಸರಿದೂಗಿಸಬಹುದು. ಎರಡನೆಯವನು 13.59 ಲಕ್ಷ ಮುಟ್ಟಬೇಕಾದರೆ 35ರಿಂದ ತಿಂಗಳಿಗೆ ಸುಮಾರು 2,475 ರೂಪಾಯಿ ಕಟ್ಟಬೇಕು. ಇಪ್ಪತ್ತು ವರ್ಷಗಳಲ್ಲಿ ಅವನ ಕೈಯಿಂದ 5.94 ಲಕ್ಷ ಹೋಗುತ್ತದೆ. ಮೊದಲನೆಯವನ ಕೈಯಿಂದ ಮೂವತ್ತು ವರ್ಷಗಳಲ್ಲಿ ಹೋದದ್ದು 3.60 ಲಕ್ಷ. ಇಲ್ಲವಾದರೆ 1,000 ರೂಪಾಯಿಯನ್ನೇ 65ರವರೆಗೆ ಕಟ್ಟಬೇಕು. ನೌಕರಿಯವರಂತೆ ನಮಗೆ ನಿವೃತ್ತಿಯ ದಿನಾಂಕವಿಲ್ಲವಾದ್ದರಿಂದ ಇದು ಆಗದ ಮಾತೇನಲ್ಲ. ಆದರೆ ಅಲ್ಲಿಯವರೆಗೆ ಗಂಟನ್ನು ಮುಟ್ಟದೆ ತೋಟವನ್ನೇ ನಂಬಿರಬೇಕಾಗುತ್ತದೆ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದದ್ದು. ಇಪ್ಪತ್ತೈದರ ಹುಡುಗನ ಕೈಯಲ್ಲಿ ತಿಂಗಳಿಗೆ 1,000 ರೂಪಾಯಿ ಎಲ್ಲಿಂದ ಬರಬೇಕು? ಜಮೀನು ತಂದೆಯ ಹೆಸರಿನಲ್ಲಿ, ಲೆಕ್ಕಪತ್ರ ತಂದೆಯ ಕೈಯಲ್ಲಿ. ಹಾಗಿದ್ದರೆ ಮೊದಲ ಹತ್ತು ವರ್ಷ 500 ರೂಪಾಯಿಯನ್ನೇ ಕಟ್ಟಲಿ, 35ರಿಂದ 1,000 ಮಾಡಲಿ. ಗಂಟು 55ಕ್ಕೆ 9.54 ಲಕ್ಷವಾಗುತ್ತದೆ. ಅರ್ಧ ಮೊತ್ತದಲ್ಲಿ ಹತ್ತು ವರ್ಷ ಕಟ್ಟಿದ 60,000 ರೂಪಾಯಿ ಕೊನೆಗೆ 4.05 ಲಕ್ಷವನ್ನು ಸೇರಿಸಿಕೊಟ್ಟಿತು. ಪೂರ್ಣ ಮೊತ್ತ ಕೈಗೆ ಬರುವವರೆಗೆ ಕಾಯುವುದಕ್ಕಿಂತ ಅರ್ಧದಲ್ಲಿ ಆರಂಭಿಸುವುದೇ ಲೇಸೆಂದು ನಾವು ಹೇಳುವುದು ಇದಕ್ಕಾಗಿ.

ನಮ್ಮ ಆದಾಯ ತಿಂಗಳ ಸಂಬಳವಲ್ಲ. ಅಡಿಕೆ ಮಾರಿದಾಗ, ಕಾಫಿ ಕೊಟ್ಟಾಗ ಒಟ್ಟಿಗೆ ಬರುತ್ತದೆ. ಕೆಲವು ವರ್ಷ ಕೊಳೆರೋಗ ಬಂದು ಅರ್ಧ ಫಸಲು ನೆಲ ಸೇರುತ್ತದೆ. ಅಂಥ ವರ್ಷ ಕಟ್ಟಲಾಗದಿದ್ದರೆ ಏನಾದೀತು? ಇದಕ್ಕೂ ಲೆಕ್ಕದಲ್ಲಿ ಉತ್ತರವಿದೆ. ಇಪ್ಪತ್ತನೆಯ ವರ್ಷದ 12,000 ತಪ್ಪಿದರೆ ಕೊನೆಯ ಗಂಟಿನಲ್ಲಿ ಕಡಿಮೆಯಾಗುವುದು ಸುಮಾರು 25,900. ಮೊದಲನೆಯ ವರ್ಷದ್ದು ತಪ್ಪಿದರೆ 1.12 ಲಕ್ಷ. ಆದುದರಿಂದ ನಡುವೆ ಒಂದೆರಡು ವರ್ಷ ತಪ್ಪಿತೆಂದು ಎದೆಗುಂದಬೇಕಾಗಿಲ್ಲ. ಅದರ ನೆಪದಲ್ಲಿ ಹಿಂದೆ ಕಟ್ಟಿದ್ದನ್ನು ತೆಗೆಯದಿದ್ದರೆ ಸಾಕು.

ಕೆಡುವುದು ಹೆಚ್ಚಾಗಿ ಇಲ್ಲಿಯೇ. ಅಂಚೆ ಕಚೇರಿಯ ಆರ್.ಡಿ. ಐದು ವರ್ಷಕ್ಕೆ ಮುಗಿಯುತ್ತದೆ. ಮುಗಿದ ದಿನ ಒಟ್ಟು ಹಣ ಕೈಗೆ ಬಂದಾಗ ಪಂಪ್‌ಸೆಟ್ಟೋ ಮನೆಯ ಮಾಡೋ ನೆನಪಾಗುತ್ತದೆ. ಮರುತಿಂಗಳು ಹೊಸ ಆರ್.ಡಿ. ಸೊನ್ನೆಯಿಂದ ಶುರು. ಹೀಗೆ ಮೂವತ್ತು ವರ್ಷ ತಪ್ಪದೆ ಕಟ್ಟಿದವನೂ ಐದು ವರ್ಷದ ಗಂಟನ್ನೇ ಆರು ಸಲ ನೋಡಿರುತ್ತಾನೆ. ಇನ್ನು ಕೆಲವರು ಅಸಲನ್ನು ಮುಟ್ಟದೆ ವರ್ಷವರ್ಷದ ಬಡ್ಡಿಯನ್ನು ಮಾತ್ರ ತೆಗೆದು ಖರ್ಚು ಮಾಡುತ್ತಾರೆ. ಹಾಗೆ ಮಾಡಿದರೆ ಮೂವತ್ತು ವರ್ಷಗಳಲ್ಲಿ ಅಸಲು ಬಡ್ಡಿ ಎಲ್ಲ ಸೇರಿ ಕೈಗೆ ಬರುವುದು 7.78 ಲಕ್ಷ, 13.59 ಅಲ್ಲ. ಪರೀಕ್ಷೆ ಮಾಡುವುದು ಸುಲಭ. ವರ್ಷಕ್ಕೊಮ್ಮೆ ಪಾಸ್‌ಬುಕ್ ತೆರೆದು ಆ ವರ್ಷ ಜಮೆಯಾದ ಬಡ್ಡಿಯನ್ನು ಹಿಂದಿನ ವರ್ಷದ ಬಡ್ಡಿಯೊಡನೆ ಹೋಲಿಸಿ. ದರ ಇಳಿಯದೆಯೂ ಬಡ್ಡಿಯ ಮೊತ್ತ ಏರದಿದ್ದರೆ ಚಕ್ರ ಎಲ್ಲಿಯೋ ತುಂಡಾಗಿದೆ ಎಂದರ್ಥ.

ಹಣ ಹಾಗೇ ಉಳಿಯುವಂತೆ ಇಡಲು ಸಾರ್ವಜನಿಕ ಭವಿಷ್ಯ ನಿಧಿ, ಅಂದರೆ ಪಿ.ಪಿ.ಎಫ್., ನಮ್ಮಂಥವರಿಗೆ ಹೊಂದುತ್ತದೆ. ಹದಿನೈದು ವರ್ಷದ ಅವಧಿ. ಮುಗಿದ ಒಂದು ವರ್ಷದೊಳಗೆ ಅರ್ಜಿ ಕೊಟ್ಟು ಐದೈದು ವರ್ಷಗಳಂತೆ ಮುಂದುವರಿಸಿ ಕಟ್ಟುತ್ತಾ ಹೋಗಬಹುದು. ತಿಂಗಳು ತಿಂಗಳು ಕಟ್ಟಲೇಬೇಕೆಂದಿಲ್ಲ, ಫಸಲಿನ ಹಣ ಬಂದಾಗ ಒಟ್ಟಿಗೆ ಕಟ್ಟಬಹುದು. ಪ್ರತಿ ತಿಂಗಳ 5ನೆಯ ತಾರೀಖಿನಿಂದ ತಿಂಗಳ ಕೊನೆಯವರೆಗೆ ಇದ್ದ ಅತಿ ಕಡಿಮೆ ಮೊತ್ತಕ್ಕೆ ಬಡ್ಡಿ ಹಾಕುತ್ತಾರೆ. ಹೀಗಾಗಿ ಕಾಫಿಯ ಹಣವನ್ನು ಏಪ್ರಿಲ್ 5ರೊಳಗೆ ಕಟ್ಟಿದವನಿಗೆ ಇಡೀ ವರ್ಷದ ಬಡ್ಡಿ; ಮಳೆಗಾಲ ಬಂದ ಮೇಲೆ ಕಟ್ಟಿದವನಿಗೆ ಎರಡು ಮೂರು ತಿಂಗಳಿನದು ಖೋತಾ.

ಶೇಕಡ 8 ಎಂದು ನಾವು ಹಿಡಿದದ್ದು ಶಾಶ್ವತವಲ್ಲ ಎಂಬುದನ್ನೂ ಹೇಳಬೇಕು. ಈ ನಿಧಿಯ ಬಡ್ಡಿ 2003ರ ಮಾರ್ಚ್‌ನಿಂದ 2011ರ ನವೆಂಬರ್‌ವರೆಗೆ 8 ಇತ್ತು. 2020ರ ಏಪ್ರಿಲ್‌ನಲ್ಲಿ 7.1ಕ್ಕೆ ಇಳಿಯಿತು. ಶೇಕಡ 6 ಎಂದು ಹಿಡಿದರೆ ನಮ್ಮ ಇಬ್ಬರು ಬೆಳೆಗಾರರ ಗಂಟು 9.49 ಲಕ್ಷ ಮತ್ತು 4.41 ಲಕ್ಷ. ಬಡ್ಡಿ ಇಳಿದಂತೆ ತಡದ ನಷ್ಟವೂ ಇಳಿಯುತ್ತದೆ, ಆದರೂ ಮೊದಲನೆಯವನದು ಎರಡನೆಯವನ ಎರಡು ಪಟ್ಟಿಗಿಂತ ಹೆಚ್ಚೇ. ಬೆಲೆ ಏರಿಕೆಯನ್ನೂ ಮರೆಯಬಾರದು. ಬೆಲೆಗಳು ವರ್ಷಕ್ಕೆ ಶೇಕಡ 6ರಂತೆ ಏರಿದರೆ ಮೂವತ್ತು ವರ್ಷದ ಮೇಲಿನ 13.59 ಲಕ್ಷಕ್ಕೆ ಸಿಗುವ ಸಾಮಾನು ಇಂದಿನ 2.37 ಲಕ್ಷಕ್ಕೆ ಸಿಗುವಷ್ಟೇ. ಇಬ್ಬರ ಗಂಟೂ ಒಂದೇ ಪ್ರಮಾಣದಲ್ಲಿ ಸವೆಯುವುದರಿಂದ ಅವರ ನಡುವಿನ ಅಂತರ ಹೋಗುವುದಿಲ್ಲ. ಆದರೆ 1,000 ರೂಪಾಯಿಯನ್ನು ಮೂವತ್ತು ವರ್ಷವೂ ಅಷ್ಟಕ್ಕೇ ನಿಲ್ಲಿಸಿದರೆ ಸಾಲದು. ಫಸಲಿನ ಹಣ ಹೆಚ್ಚಿದಂತೆ ಅದನ್ನೂ ಏರಿಸಬೇಕು.

ಕೈಸಾಲ ಇರುವವರ ಮಾತು ಬೇರೆ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯ ಸಾಲವೆಂದರೆ ವರ್ಷಕ್ಕೆ ಶೇಕಡ 24. 72ನ್ನು ಬಡ್ಡಿಯ ದರದಿಂದ ಭಾಗಿಸಿದರೆ ಹಣ ಎಷ್ಟು ವರ್ಷದಲ್ಲಿ ಇಮ್ಮಡಿಯಾಗುತ್ತದೆಂಬುದು ಸುಮಾರಾಗಿ ಗೊತ್ತಾಗುತ್ತದೆ. 8ರ ಉಳಿತಾಯ ಇಮ್ಮಡಿಯಾಗಲು ಒಂಬತ್ತು ವರ್ಷ. ಕಟ್ಟದೆ ಬಿಟ್ಟ 24ರ ಸಾಲ ಇಮ್ಮಡಿಯಾಗಲು ಮೂರೇ ವರ್ಷ. ಅಂಥವರು ಮೊದಲು ಸಾಲವನ್ನೇ ತೀರಿಸತಕ್ಕದ್ದು.

ಉಳಿದವರಲ್ಲಿ ನಮ್ಮ ಸೂಚನೆ ಇಷ್ಟೇ. ಈ ಸಲದ ಫಸಲಿನ ಲೆಕ್ಕ ಮುಗಿದಾಗ, ಇಪ್ಪತ್ತು ದಾಟಿದ ಮಗನಿಗೋ ಮಗಳಿಗೋ ಅವರದೇ ಹೆಸರಿನಲ್ಲಿ ಒಂದು ಪುಸ್ತಕ ಮಾಡಿಸಿ 6,000 ರೂಪಾಯಿಯಾದರೂ ಕಟ್ಟಿ. ಮುಂದಿನ ವರ್ಷದ್ದನ್ನು ಅವರೇ ಕಟ್ಟಿಕೊಳ್ಳಲಿ.

— ಕಾರ್ಯದರ್ಶಿ