ನೋಡಲು ಕಗ್ಗಂಟು, ಊಹಿಸಲು ಸುಲಭ: ಲಾಗಿನ್ ಟೋಕನ್‌ಗಳ ಹಿಂದಿನ ದುರ್ಬಲ ಗಣಿತ

ಪುಣೆ: 2018ರ ಆಗಸ್ಟ್‌ನಲ್ಲಿ ಪುಣೆ ಮೂಲದ ಕಾಸ್ಮೋಸ್ ಸಹಕಾರಿ ಬ್ಯಾಂಕ್‌ನಿಂದ ಸುಮಾರು 94 ಕೋಟಿ ರೂಪಾಯಿ ಮಾಯವಾಯಿತು. ಬ್ಯಾಂಕಿನ ಎಟಿಎಂ ವ್ಯವಸ್ಥೆಗೆ ಮಾಲ್‌ವೇರ್ ನುಗ್ಗಿಸಿದ್ದ ವಂಚಕರು, 'ಹಣ ಕೊಡಬಹುದು' ಎಂಬ ಒಪ್ಪಿಗೆಯ ಸಂದೇಶವನ್ನೇ ನಕಲಿಯಾಗಿ ಸೃಷ್ಟಿಸಿದ್ದರು. 28 ದೇಶಗಳ ಎಟಿಎಂಗಳು ಅದನ್ನು ನಂಬಿ ಹಣ ಎಣಿಸಿ ಕೊಟ್ಟವು. ಯಂತ್ರಕ್ಕೆ ಮನುಷ್ಯರ ಗುರುತಿಲ್ಲ, ಅದು ನೋಡುವುದು ಗುರುತಿನ ಚೀಟಿಯನ್ನು ಮಾತ್ರ. ಈ ಮಾತು ಪ್ರತಿದಿನ ನಾವು ಲಾಗಿನ್ ಆಗುವ ಪ್ರತಿಯೊಂದು ವೆಬ್‌ಸೈಟ್‌ಗೂ ಅನ್ವಯಿಸುತ್ತದೆ. ಅಲ್ಲಿ ಚೀಟಿಯನ್ನು ನಕಲು ಮಾಡಲು ಮಾಲ್‌ವೇರ್ ಕೂಡ ಬೇಕಿಲ್ಲದ ಸಂದರ್ಭಗಳಿವೆ. ಮುಂದಿನ ಚೀಟಿಯ ಸಂಖ್ಯೆಯನ್ನು ಲೆಕ್ಕ ಹಾಕಿದರೆ ಸಾಕು.

ಏನಿದು ಸೆಷನ್ ಟೋಕನ್?

ದೇವಸ್ಥಾನದ ಚಪ್ಪಲಿ ಸ್ಟ್ಯಾಂಡನ್ನು ನೆನಪಿಸಿಕೊಳ್ಳಿ. ಚಪ್ಪಲಿ ಬಿಟ್ಟವರಿಗೆ ಒಂದು ಟೋಕನ್ ಕೊಡುತ್ತಾರೆ. ಮರಳಿ ಬಂದಾಗ ಮುಖ ನೋಡುವುದಿಲ್ಲ, ಟೋಕನ್ ನೋಡಿ ಚಪ್ಪಲಿ ಕೊಡುತ್ತಾರೆ. ವೆಬ್‌ಸೈಟ್ ಮಾಡುವುದೂ ಇದನ್ನೇ. ಬಳಕೆದಾರರು ಒಮ್ಮೆ ಪಾಸ್‌ವರ್ಡ್, ಒಟಿಪಿ ಕೊಟ್ಟ ಮೇಲೆ ಸರ್ವರ್ ಅವರ ಬ್ರೌಸರ್‌ಗೆ ಉದ್ದನೆಯ ಅಕ್ಷರಮಾಲೆಯೊಂದನ್ನು ಕಳುಹಿಸುತ್ತದೆ. ಅದೇ ಸೆಷನ್ ಟೋಕನ್. ನಂತರದ ಪ್ರತಿ ಕ್ಲಿಕ್‌ನಲ್ಲೂ ಬ್ರೌಸರ್ ತೋರಿಸುವುದು ಈ ಟೋಕನ್ ಒಂದನ್ನೇ.

ವ್ಯತ್ಯಾಸವೆಂದರೆ, ಚಪ್ಪಲಿ ಸ್ಟ್ಯಾಂಡ್‌ನಲ್ಲಿ ಬಿಲ್ಲೆ ಕೈಯಲ್ಲಿರಬೇಕು. ಇಂಟರ್ನೆಟ್‌ನಲ್ಲಿ ಸಂಖ್ಯೆ ಹೇಳಿದರೆ ಸಾಕು. 47ನೇ ಟೋಕನ್ ಪಡೆದವನು '48 ನನ್ನದು' ಎಂದರೆ ಮುಂದಿನವರ ಖಾತೆ ತೆರೆದುಕೊಳ್ಳುತ್ತದೆ. ಪಾಸ್‌ವರ್ಡ್ ಎಷ್ಟೇ ಬಲವಾಗಿರಲಿ, ಒಟಿಪಿ ಹಂತ ದಾಟಿಯಾಗಿರುವುದರಿಂದ ಅವೆರಡೂ ಇಲ್ಲಿ ನೆರವಿಗೆ ಬರುವುದಿಲ್ಲ. ಹಾಗಾಗಿ ಟೋಕನ್ ಯಾರೂ ಊಹಿಸಲಾಗದ ಯಾದೃಚ್ಛಿಕ ಸಂಖ್ಯೆ, ಅಂದರೆ ರ‍್ಯಾಂಡಮ್ ಸಂಖ್ಯೆ ಆಗಿರಬೇಕು. ಸಮಸ್ಯೆ ಶುರುವಾಗುವುದೇ ಇಲ್ಲಿಂದ.

ಎರಡು ಸಾಲಿನ ಕೋಡ್, 65,536 ಪ್ರಯತ್ನ

ಹಿಂಜವಡಿಯಿಂದ ಎಲೆಕ್ಟ್ರಾನಿಕ್ ಸಿಟಿವರೆಗೆ ಐಟಿ ಕಚೇರಿಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಭಾಷೆ ಜಾವಾ. ಅದರಲ್ಲಿ ಟೋಕನ್ ತಯಾರಿಸಲು ಹೊಸಬರು ಬರೆಯಬಹುದಾದ ಕೋಡ್ ಹೀಗಿರುತ್ತದೆ:

```java
static final Random r = new Random();
String token = Long.toHexString(r.nextLong());
```

ಇದು ಸುಮಾರು 16 ಅಂಕಿ-ಅಕ್ಷರಗಳ ಟೋಕನ್ ಕೊಡುತ್ತದೆ. ನೋಡಿದರೆ ತಲೆಬುಡ ಅರ್ಥವಾಗುವುದಿಲ್ಲ. ಆದರೆ `Random` ಒಳಗೆ ಇರುವುದು ಕೇವಲ 48 ಬಿಟ್‌ಗಳ ಒಂದು ಗುಪ್ತ ಸಂಖ್ಯೆ. ಪ್ರತಿ ಬಾರಿ ಅದನ್ನು ಒಂದು ನಿಗದಿತ ಸಂಖ್ಯೆಯಿಂದ ಗುಣಿಸಿ, 11 ಕೂಡಿಸಿ, ಕೊನೆಯ 48 ಬಿಟ್ ಉಳಿಸಿಕೊಳ್ಳುತ್ತಾರೆ. ಗುಣಿಸುವ ಸಂಖ್ಯೆ ರಹಸ್ಯವಲ್ಲ, ಜಾವಾ ದಾಖಲೆಗಳಲ್ಲೇ ಮುದ್ರಿತವಾಗಿದೆ. ಹೊಸ ಸಂಖ್ಯೆಯ ಮೇಲಿನ 32 ಬಿಟ್‌ಗಳು ಹೊರಬರುತ್ತವೆ, ಕೆಳಗಿನ 16 ಬಿಟ್ ಒಳಗೇ ಉಳಿಯುತ್ತವೆ. `nextLong` ಈ ಕೆಲಸವನ್ನು ಎರಡು ಬಾರಿ ಮಾಡಿ, ಎರಡು ತುಂಡುಗಳನ್ನು ಜೋಡಿಸುತ್ತದೆ.

ದಾಳಿಕೋರ ಮೊದಲು ತನ್ನದೇ ಖಾತೆಯಿಂದ ಕಾನೂನುಬದ್ಧವಾಗಿ ಲಾಗಿನ್ ಆಗುತ್ತಾನೆ. ಸಿಕ್ಕ ಟೋಕನ್ ಅನ್ನು ಎರಡು ತುಂಡು ಮಾಡುತ್ತಾನೆ. ಮೊದಲ ತುಂಡಿನಿಂದ 32 ಬಿಟ್ ಗೊತ್ತಾಯಿತು, ಗೊತ್ತಿಲ್ಲದ್ದು 16 ಬಿಟ್ ಮಾತ್ರ. ಅಂದರೆ 65,536 ಸಾಧ್ಯತೆಗಳು. ಒಂದೊಂದನ್ನೂ ಸೂತ್ರಕ್ಕೆ ಹಾಕಿ, ಫಲಿತಾಂಶ ಎರಡನೇ ತುಂಡಿಗೆ ತಾಳೆಯಾಗುತ್ತದೆಯೇ ಎಂದು ನೋಡುತ್ತಾನೆ. ಎರಡನೇ ತುಂಡು ಋಣ ಸಂಖ್ಯೆಯಾಗಿದ್ದರೆ ಮೊದಲನೆಯದರಲ್ಲಿ ಒಂದರ ಸಣ್ಣ ತಿದ್ದುಪಡಿ ಬೇಕಾಗುತ್ತದೆ, ಅಷ್ಟೇ. ಸಾಧಾರಣ ಲ್ಯಾಪ್‌ಟಾಪ್‌ಗೆ ಇದು ಕಣ್ಣು ಮಿಟುಕಿಸುವ ಹೊತ್ತಿನ ಕೆಲಸ. ತಾಳೆಯಾಗುವ ಸಂಖ್ಯೆ ಬಹುತೇಕ ಒಂದೇ ಇರುತ್ತದೆ. ಅದು ಸಿಕ್ಕ ಕೂಡಲೇ ಸರ್ವರ್ ಮುಂದೆ ಯಾರಿಗೆ ಯಾವ ಟೋಕನ್ ಕೊಡಲಿದೆ ಎಂಬ ಸರಣಿ ಪೂರ್ತಿ ಅವನ ಕೈಯಲ್ಲಿರುತ್ತದೆ.

ತಪ್ಪು ಜಾವಾದ್ದಲ್ಲ. `Random` ಅನ್ನು ಭದ್ರತೆಯ ಕೆಲಸಕ್ಕೆ ಬಳಸಬೇಡಿ ಎಂದು ಅದರ ದಾಖಲೆಗಳೇ ಹೇಳುತ್ತವೆ. ಆಟದಲ್ಲಿ ದಾಳ ಉರುಳಿಸಲು, ಪರೀಕ್ಷಾ ದತ್ತಾಂಶ ಸೃಷ್ಟಿಸಲು ಅದು ಸಾಕು.

ಪರೀಕ್ಷೆಯಲ್ಲಿ ಪಾಸ್, ಆದರೂ ಫೇಲ್

'ಟೋಕನ್ ಅನ್ನು ಹ್ಯಾಶ್ ಮಾಡಿದರೆ ಮುಗಿಯಿತಲ್ಲ' ಎನ್ನುವವರಿದ್ದಾರೆ. ಲಾಗಿನ್ ಆದ ಸಮಯವನ್ನು ಮಿಲಿಸೆಕೆಂಡ್‌ಗಳಲ್ಲಿ ತೆಗೆದುಕೊಂಡು ಎಂಡಿ5 ಹ್ಯಾಶ್ ಮಾಡಿದರೆ 32 ಅಕ್ಷರಗಳ ಸುಂದರ ಟೋಕನ್ ಬರುತ್ತದೆ. ಆದರೆ ಬಳಕೆದಾರರು ಯಾವ ಸೆಕೆಂಡಿನಲ್ಲಿ ಲಾಗಿನ್ ಆದರು ಎಂಬುದು ಗೊತ್ತಿದ್ದರೆ, ಸಾಧ್ಯತೆಗಳು ಕೇವಲ 1,000. ಹ್ಯಾಶ್ ಇದ್ದದ್ದನ್ನು ಮರೆಮಾಚುತ್ತದೆ, ಇಲ್ಲದ ಅನಿಶ್ಚಿತತೆಯನ್ನು ಹುಟ್ಟಿಸುವುದಿಲ್ಲ.

ಇಂಥ ಟೋಕನ್‌ಗಳನ್ನು ಸಾವಿರಾರು ಸಂಗ್ರಹಿಸಿ ಸಂಖ್ಯಾಶಾಸ್ತ್ರೀಯ ಪರೀಕ್ಷೆಗೆ ಒಡ್ಡಿದರೆ ಅವು ಸಲೀಸಾಗಿ ಪಾಸಾಗುತ್ತವೆ. ಪರೀಕ್ಷೆ ನೋಡುವುದು ಅಂಕಿಗಳು ಸಮನಾಗಿ ಹರಡಿವೆಯೇ ಎಂಬುದನ್ನು. ಅವು ಎಲ್ಲಿಂದ ಹುಟ್ಟಿದವು ಎಂಬುದು ಅದಕ್ಕೆ ತಿಳಿಯದು. ಆದ್ದರಿಂದ ಹೊರಗಿನಿಂದ ತಪಾಸಣೆ ಮಾಡಿ 'ಸುರಕ್ಷಿತ' ಎಂದು ಮುದ್ರೆ ಒತ್ತಿದರೆ ಸಾಲದು, ಟೋಕನ್ ಹುಟ್ಟುವ ಕೋಡಿನ ಸಾಲನ್ನು ತೆರೆದು ಓದಬೇಕು.

ಭದ್ರತಾ ಸಾಫ್ಟ್‌ವೇರ್‌ಗಳೇ ಎಡವಿದಾಗ

1995ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಇಯಾನ್ ಗೋಲ್ಡ್‌ಬರ್ಗ್ ಮತ್ತು ಡೇವಿಡ್ ವ್ಯಾಗ್ನರ್, ಅಂದಿನ ಜನಪ್ರಿಯ ಬ್ರೌಸರ್ ನೆಟ್‌ಸ್ಕೇಪ್‌ನ ಗೂಢಲಿಪಿ ಕೀಲಿಯನ್ನು ಊಹಿಸಬಹುದು ಎಂದು ತೋರಿಸಿದ್ದರು. ಕೀಲಿಯ ಮೂಲ ದಿನದ ಸಮಯ ಮತ್ತು ಕಂಪ್ಯೂಟರಿನೊಳಗಿನ ಎರಡು ಪ್ರಕ್ರಿಯಾ ಸಂಖ್ಯೆಗಳಾಗಿದ್ದವು. ಇಪ್ಪತ್ತೈದು ವರ್ಷ ಕಳೆದರೂ ಪಾಠ ಪೂರ್ತಿ ಕಲಿತಂತಿಲ್ಲ. ಕ್ಯಾಸ್ಪರ್‌ಸ್ಕಿ ಪಾಸ್‌ವರ್ಡ್ ಮ್ಯಾನೇಜರ್‌ನ ಹಳೆಯ ಆವೃತ್ತಿಗಳು ಪಾಸ್‌ವರ್ಡ್ ಸೃಷ್ಟಿಸಲು ಗಡಿಯಾರದ ಸೆಕೆಂಡನ್ನೇ ಬೀಜವಾಗಿ ಬಳಸುತ್ತಿದ್ದವು ಎಂಬ ವಿವರ 2021ರಲ್ಲಿ ಬಹಿರಂಗವಾಯಿತು. ಆ ವೇಳೆಗೆ ಕಂಪನಿ ದೋಷ ಸರಿಪಡಿಸಿತ್ತು. ಆದರೆ ಒಂದು ವರ್ಷದಲ್ಲಿರುವುದು ಸುಮಾರು 3.15 ಕೋಟಿ ಸೆಕೆಂಡ್‌ಗಳು. ಅಂದರೆ ಯಾವ ವರ್ಷ ಪಾಸ್‌ವರ್ಡ್ ಸೃಷ್ಟಿಯಾಯಿತು, ಯಾವ ಆಯ್ಕೆಗಳಿದ್ದವು ಎಂಬುದು ಗೊತ್ತಿದ್ದರೆ ಅಷ್ಟನ್ನು ಪ್ರಯತ್ನಿಸಿದರೆ ಮುಗಿಯಿತು.

ಕ್ವಿಕ್ ಹೀಲ್‌ನಂಥ ಆ್ಯಂಟಿವೈರಸ್ ಕಂಪನಿ ಬೆಳೆದದ್ದು, ಸಿ-ಡ್ಯಾಕ್‌ನ ಕೇಂದ್ರ ಕಚೇರಿ ಇರುವುದು ಪುಣೆಯಲ್ಲೇ. ಭದ್ರತಾ ತಜ್ಞರಿಗೆ ಈ ಊರಲ್ಲಿ ಕೊರತೆಯಿಲ್ಲ. ಆದರೆ ಟೋಕನ್ ಬರೆಯುವವರು ಸಾಮಾನ್ಯವಾಗಿ ಅವರಲ್ಲ. ಡೆಡ್‌ಲೈನ್ ಒತ್ತಡದಲ್ಲಿರುವ ಯಾವುದೋ ತಂಡ 'ಪಾಸ್‌ವರ್ಡ್ ಮರೆತಿರಾ?' ಲಿಂಕ್ ತಯಾರಿಸುವಾಗ ಆ ಎರಡು ಸಾಲು ಸೇರಿಕೊಳ್ಳುತ್ತದೆ. ಟಾಮ್‌ಕ್ಯಾಟ್‌ನಂಥ ಇಂದಿನ ಸರ್ವರ್‌ಗಳು ತಾವು ಕೊಡುವ ಸೆಷನ್ ಟೋಕನ್‌ಗೆ ಸುರಕ್ಷಿತ ವಿಧಾನವನ್ನೇ ಬಳಸುತ್ತವೆ. ಅಪಾಯ ಹೆಚ್ಚಿರುವುದು ಕೈಯಾರೆ ಬರೆದ ಇಂಥ ಟೋಕನ್‌ಗಳಲ್ಲಿ.

ಪರಿಹಾರ ಮತ್ತು ಅದರ ಮಿತಿ

ಪರಿಹಾರವೂ ಕೆಲವೇ ಸಾಲು:

```java
byte[] b = new byte[16];
new SecureRandom().nextBytes(b);
```

`SecureRandom` ಸಾಮಾನ್ಯವಾಗಿ ಬೀಜವನ್ನು ಆಪರೇಟಿಂಗ್ ಸಿಸ್ಟಂನಿಂದ ಪಡೆಯುತ್ತದೆ. ಅದು ಹಾರ್ಡ್‌ವೇರ್ ಘಟನೆಗಳ ಅನಿಶ್ಚಿತ ಸಮಯದಂಥ ಮೂಲಗಳಿಂದ ಸಂಗ್ರಹವಾದದ್ದು. ಒಂದು ಟೋಕನ್ ನೋಡಿ ಮುಂದಿನದನ್ನು ಲೆಕ್ಕ ಹಾಕುವ ದಾರಿ ಇಲ್ಲಿ ಮುಚ್ಚುತ್ತದೆ. 16 ಬೈಟ್ ಎಂದರೆ 128 ಬಿಟ್, ಒಂದೊಂದಾಗಿ ಪ್ರಯತ್ನಿಸಿ ಮುಗಿಸಲಾಗದ ಸಂಖ್ಯೆ.

ಆದರೆ ಇದು ಊಹೆಯನ್ನು ತಡೆಯುತ್ತದೆ, ಕಳ್ಳತನವನ್ನಲ್ಲ. ಫೋನ್‌ಗೆ ಮಾಲ್‌ವೇರ್ ಸೇರಿ ಟೋಕನ್ ಅನ್ನೇ ಎತ್ತಿಕೊಂಡು ಹೋದರೆ ಯಾವ ಗಣಿತವೂ ಕಾಪಾಡದು. ಲಾಗ್‌ಔಟ್ ಮಾಡಿದ ಕೂಡಲೇ ಟೋಕನ್ ರದ್ದಾಗುವುದು, ಅದಕ್ಕೆ ಅವಧಿ ಮಿತಿ ಇರುವುದು ಅದಕ್ಕಾಗಿಯೇ ಮುಖ್ಯ.

ಬಳಕೆದಾರರಿಗೆ ಈ ದೋಷ ಕಾಣುವುದಿಲ್ಲ, ಎಂಥ ಪಾಸ್‌ವರ್ಡ್ ಇಟ್ಟರೂ ಸರಿಪಡಿಸಲಾಗುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಸೂಕ್ತ ಭದ್ರತಾ ಕ್ರಮ ಕೈಗೊಳ್ಳದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಖಾತೆ ಖಾಲಿಯಾದಾಗ 'ಒಟಿಪಿ ಯಾರಿಗೆ ಹೇಳಿದಿರಿ?' ಎಂದು ಗ್ರಾಹಕರನ್ನು ಕೇಳುವುದು ವಾಡಿಕೆ. ಟೋಕನ್ ಯಾವ ಸಾಲಿನಿಂದ ಹುಟ್ಟುತ್ತದೆ ಎಂದು ಸಂಸ್ಥೆಯನ್ನೂ ಕೇಳಬೇಕಿದೆ.