ಸಂಘದ ಬಡ್ಡಿಯನ್ನ ತಲೆಗಿಷ್ಟು ಅಂತ ಹಂಚಬೇಡಿ

ರಾಗಿ ಕಣ ಮುಗೀತು, ಹುಲ್ಲು ಬಣವೆ ಹಾಕಿದ್ದೂ ಆಯ್ತು. ಹಾಗಾಗಿ ಈ ಸಲ ಬೆಳೆ ಮಾತು ಬಿಟ್ಟು ಮಹಿಳಾ ಸಂಘದ ಪುಸ್ತಕದ ಮಾತು ಬರೀತಿದ್ದೀನಿ. ಗಂಡಸರೂ ಓದಿ. ನಿಮ್ಮ ಮನೆಯ ಬಿತ್ತನೆ ಬೀಜ, ಗೊಬ್ಬರದ ದುಡ್ಡು ಎಷ್ಟೋ ಸಲ ಇದೇ ಪುಸ್ತಕದಿಂದ ಬಂದಿರುತ್ತೆ.

ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಶುರುವಾಗಿದ್ದು 2000-01ರಲ್ಲಿ. ಆವಾಗಿಂದ ಊರೂರಲ್ಲೂ ಸಂಘ ಆದವು. ಕೆಲವು ಇವತ್ತಿಗೂ ನಡೀತಿವೆ, ಕೆಲವು ಒಡೆದು ಹೋದವು. ಒಡೆದ ಸಂಘಗಳ ಕಥೆ ಕೇಳಿದ್ರೆ ದುಡ್ಡು ಕದ್ದಿದ್ದಕ್ಕೆ ಒಡೆದಿದ್ದು ಕಡಿಮೆ. ಸಾಲ ಕೊಟ್ಟು ಬಂದ ಬಡ್ಡಿ ಹಂಚುವ ದಿನ ಒಡೆದಿದ್ದೇ ನಾನು ಹೆಚ್ಚು ಕಂಡಿರೋದು. ಪಕ್ಕದ ಊರಲ್ಲಿ ಒಂದು ಸಂಘ ಹಾಗೇ ಹೋಯ್ತು. ಅಲ್ಲಿ ಯಾರೂ ಮೋಸ ಮಾಡಿರಲಿಲ್ಲ. ಹೇಗೆ ಹಂಚಬೇಕು ಅಂತ ಮೊದಲೇ ಯಾರೂ ಬರೆದಿಟ್ಟಿರಲಿಲ್ಲ, ಅಷ್ಟೇ.

ನಮ್ಮ ಬೀದಿ ಸಂಘದ ಪುಸ್ತಕ ಬರೆಯೋಳು ನಾನೇ. ಈ ವರ್ಷ ನಮ್ಮಲ್ಲೂ ಹಂಚುವ ಮಾತು ಬಂದಿದೆ. ಎಲ್ಲರೂ ಒಪ್ಪಿ ಲೆಕ್ಕ ಹೊರಗೆ ಹೇಳಬಹುದು ಅಂದಿದ್ದಾರೆ, ಅದಕ್ಕೆ ಹೆಸರು ಬಿಟ್ಟು ಲೆಕ್ಕ ಮಾತ್ರ ಇಡ್ತೀನಿ.

ಸಂಘದಲ್ಲಿ 12 ಜನ ಇದ್ದೀವಿ. ತಿಂಗಳ ಮೊದಲ ವಾರ ಸಭೆ, ತಲೆಗೆ 200 ರೂಪಾಯಿ ಉಳಿತಾಯ. ಒಂಬತ್ತು ಜನ ಶುರುವಿಂದ ಇರೋರು, ಅವರಿಗೆ 36 ತಿಂಗಳು ತುಂಬಿತು. ಮೂರು ಜನ ಸೇರಿ 12 ತಿಂಗಳಾಯ್ತು. ಹಳಬರ ಉಳಿತಾಯ ಒಬ್ಬೊಬ್ಬರದು 7,200, ಹೊಸಬರದು 2,400. ಒಟ್ಟು 72,000 ರೂಪಾಯಿ. ಈ ದುಡ್ಡನ್ನ ನಮ್ಮೊಳಗೇ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಗೆ ಕೊಟ್ಟಿದ್ದೀವಿ. ಮೂರು ವರ್ಷದಲ್ಲಿ ಕೈಗೆ ಬಂದ ಬಡ್ಡಿ 20,150, ತಡವಾಗಿ ಬಂದೋರ ದಂಡ 310. ಪುಸ್ತಕ, ಬ್ಯಾಂಕಿಗೆ ಓಡಾಡಿದ ಬಸ್ ಚಾರ್ಜು, ಇತರೆ ಖರ್ಚು 1,776. ಕಳೆದು ಉಳಿದಿದ್ದು 18,684. ಹಂಚಬೇಕಾದ್ದು ಇದು.

ಸಭೆಯಲ್ಲಿ ಮೊದಲು ಬಂದ ಮಾತು, "ಹನ್ನೆರಡು ಜನಕ್ಕೂ ಸಮ ಹಂಚಿಬಿಡಿ" ಅಂತ. ಹಾಗೆ ಮಾಡಿದ್ರೆ ತಲೆಗೆ 1,557 ಬರುತ್ತೆ. ಕೇಳೋಕೆ ನ್ಯಾಯ ಅನ್ಸುತ್ತೆ. ಆದ್ರೆ 2,400 ಇಟ್ಟ ಹೊಸಬಳಿಗೂ 7,200 ಇಟ್ಟ ಹಳಬಳಿಗೂ ಒಂದೇ ಪಾಲು ಆಯ್ತು.

ಎರಡನೇ ಮಾತು, "ಯಾರು ಎಷ್ಟು ಇಟ್ಟಿದ್ದಾರೋ ಆ ಪ್ರಕಾರ ಕೊಡಿ" ಅಂತ. ಆಗ ಹಳಬಳಿಗೆ 1,868 ರೂಪಾಯಿ 40 ಪೈಸೆ, ಹೊಸಬಳಿಗೆ 622 ರೂಪಾಯಿ 80 ಪೈಸೆ. ಬಹಳ ಜನ ಇಲ್ಲಿಗೇ ನಿಲ್ತಾರೆ. ಆದ್ರೆ ಇದ್ರಲ್ಲೂ ಒಂದು ಕೊರತೆ ಇದೆ. ಹಳಬಳು ಮೊದಲ ತಿಂಗಳು ಕಟ್ಟಿದ 200 ರೂಪಾಯಿ ಮೂರು ವರ್ಷ ದುಡಿದಿದೆ. ಹೋದ ತಿಂಗಳು ಕಟ್ಟಿದ 200 ಒಂದೇ ತಿಂಗಳು ದುಡಿದಿದೆ. ಎರಡಕ್ಕೂ ಒಂದೇ ಬೆಲೆ ಹೇಗೆ? ಎತ್ತು ಬಾಡಿಗೆಗೆ ಕೊಟ್ರೆ ಎಷ್ಟು ಎತ್ತು ಅಂತ ಕೇಳಿ ಸುಮ್ಮನಾಗ್ತೀವಾ, ಎಷ್ಟು ದಿನ ಉಳುಮೆ ಅಂತಾನೂ ಕೇಳ್ತೀವಲ್ಲ.

ಅದಕ್ಕೆ ನಾನು ಹೇಳೋದು ಮೂರನೇ ದಾರಿ. ಎಷ್ಟು ರೂಪಾಯಿ, ಎಷ್ಟು ತಿಂಗಳು, ಎರಡನ್ನೂ ಸೇರಿಸಿ ಎಣಿಸಬೇಕು. ಲೆಕ್ಕ ಕಷ್ಟ ಇಲ್ಲ. ಉಳಿತಾಯದ ಪುಸ್ತಕದಲ್ಲಿ ಒಬ್ಬೊಬ್ಬರಿಗೂ ತಿಂಗಳ ಕೊನೆ ಬಾಕಿ ಬರೆದಿರುತ್ತೆ: 200, 400, 600, 800 ಹೀಗೆ. ಆ ಕಾಲಂ ಪೂರ್ತಿ ಮೇಲಿಂದ ಕೆಳಗೆ ಕೂಡಿಬಿಡಿ. 36 ತಿಂಗಳಿಗೆ ಕೂಡಿದ್ರೆ ಹಳಬಳದು 1,33,200 ಆಗುತ್ತೆ. 12 ತಿಂಗಳಿಗೆ ಹೊಸಬಳದು 15,600. ಇದು ದುಡ್ಡಲ್ಲ, ದುಡ್ಡು ದುಡಿದ ಅಳತೆ. ಹನ್ನೆರಡು ಜನರದೂ ಸೇರಿದ್ರೆ 12,45,600. ಹಂಚಬೇಕಾದ 18,684ನ್ನ ಇದಕ್ಕೆ ಭಾಗಿಸಿದ್ರೆ ಅಳತೆಯ ಪ್ರತಿ ನೂರಕ್ಕೆ ಒಂದೂವರೆ ರೂಪಾಯಿ ಬೀಳುತ್ತೆ. ಆ ಲೆಕ್ಕಕ್ಕೆ ಹಳಬಳಿಗೆ 1,998, ಹೊಸಬಳಿಗೆ 234. ಒಂಬತ್ತು ಪಾಲು, ಮೂರು ಪಾಲು ಕೂಡಿ ನೋಡಿ, ಸರಿಯಾಗಿ 18,684 ಬರುತ್ತೆ.

ಈ ದಾರಿಯಲ್ಲಿ ಇನ್ನೊಂದು ಅನುಕೂಲ ಇದೆ. ಯಾರಾದ್ರೂ ಎರಡು ತಿಂಗಳು ಕಟ್ಟದೆ ಮೂರನೇ ತಿಂಗಳು ಒಟ್ಟಿಗೆ 600 ಕಟ್ಟಿದ್ರೆ, ಆ ಎರಡು ತಿಂಗಳ ಬಾಕಿ ಕಡಿಮೆ ಇರುತ್ತೆ, ಪಾಲೂ ತಾನಾಗೇ ಅಷ್ಟು ಕಡಿಮೆ ಆಗುತ್ತೆ. ಯಾರೂ ಯಾರನ್ನೂ ಸಭೆಯಲ್ಲಿ ಬೈಯಬೇಕಾಗಿಲ್ಲ.

ಈಗ ಎದುರು ಮಾತು. ಹೊಸಬರಲ್ಲಿ ಒಬ್ಬಳು ಕೇಳಿದ್ಲು, "ಅಕ್ಕ, ನಾನು ಗೊಬ್ಬರಕ್ಕೆ ಅಂತ 4,000 ಸಾಲ ತಗೊಂಡು 360 ರೂಪಾಯಿ ಬಡ್ಡಿ ಕಟ್ಟಿದ್ದೀನಿ. ನನಗೆ ಬರೋದು 234. ಸಾಲಾನೇ ತಗೊಳ್ಳದೆ ಕೂತೋರಿಗೆ 1,998. ಇದು ಯಾವ ನ್ಯಾಯ?" ಅಂತ. ಮಾತು ಸುಳ್ಳಲ್ಲ. ಸಂಘದ ಬಡ್ಡಿ ಹುಟ್ಟೋದೇ ಸಾಲ ತಗೊಂಡೋರಿಂದ. ಅವರಲ್ಲಿ ಹೆಚ್ಚಿನೋರು ಕಷ್ಟದಲ್ಲಿರೋರು.

ನನ್ನ ಉತ್ತರ ಏನಂದ್ರೆ, ಅವಳ ಕಷ್ಟಕ್ಕೆ ಮದ್ದು ಪಾಲಿನಲ್ಲಿ ಇಲ್ಲ, ಬಡ್ಡಿ ದರದಲ್ಲಿ ಇದೆ. ಎಂಟು ಕಂತಿನ 4,000 ಸಾಲಕ್ಕೆ ನೂರಕ್ಕೆ ಎರಡರಂತೆ 360 ಆಯ್ತು. ಅದನ್ನೇ ಒಂದೂವರೆಗೆ ಇಳಿಸಿದ್ರೆ 270 ಆಗುತ್ತೆ, ಅವಳಿಗೆ 90 ಉಳೀತು. ಹೊರಗೆ ನೂರಕ್ಕೆ ಐದರಂತೆ ಕೈಸಾಲ ತಂದಿದ್ರೆ ಅದೇ ಸಾಲಕ್ಕೆ 900 ಕಟ್ಟಬೇಕಿತ್ತು. ದರ ಇಳಿಸಿದ್ರೆ ಸಾಲ ತಗೊಂಡ ಎಲ್ಲರಿಗೂ ತಗೊಂಡಷ್ಟೇ ಲಾಭ, ಹಳಬಳಾಗಲಿ ಹೊಸಬಳಾಗಲಿ. ಸಮ ಹಂಚಿದ್ರೆ ಸಾಲವೇ ತಗೊಳ್ಳದ ಹೊಸಬಳಿಗೂ 1,557 ಹೋಗುತ್ತೆ, ಹತ್ತು ಸಾಲ ತಗೊಂಡು ಬಡ್ಡಿ ಕಟ್ಟಿದ ಹಳಬಳಿಗೂ ಅಷ್ಟೇ ಹೋಗುತ್ತೆ. ಹಾಗಾಗಿ ಬಡ್ಡಿ ಹೆಚ್ಚಾಯ್ತು ಅನ್ನಿಸಿದ ಸಂಘ ದರ ಇಳಿಸಲಿ, ಪಾಲಿನ ಲೆಕ್ಕ ಕೆಡಿಸೋದು ಬೇಡ.

ಇದೆಲ್ಲ ಆಗಬೇಕಾದ್ರೆ ಪುಸ್ತಕ ತಿಂಗಳು ತಿಂಗಳೂ ಸರಿ ಇರಬೇಕು. ಮುಖ್ಯವಾಗಿ ಸಾಲದ ಪುಸ್ತಕದಲ್ಲಿ ಅಸಲು, ಬಡ್ಡಿ ಬೇರೆ ಬೇರೆ ಕಾಲಂ ಬೇಕು. ಮೇಲೆ ಹೇಳಿದ 4,000 ಸಾಲದಲ್ಲಿ ಮೊದಲ ಕಂತು ಅಸಲು 500, ಬಡ್ಡಿ 80, ಒಟ್ಟು 580. ಎರಡನೇ ತಿಂಗಳು ಉಳಿದ ಅಸಲು 3,500ಕ್ಕೆ ಮಾತ್ರ ಬಡ್ಡಿ, ಅಂದ್ರೆ 500 ಮತ್ತು 70. "ಕಂತು 580 ಬಂತು" ಅಂತ ಒಂದೇ ಅಂಕಿ ಬರೆದು ಬಿಟ್ರೆ ಮೂರು ವರ್ಷ ಆದ್ಮೇಲೆ ಅದ್ರಲ್ಲಿ ಬಡ್ಡಿ ಎಷ್ಟು ಅಂತ ಹುಡುಕೋಕೆ ಆಗಲ್ಲ. ಕೊನೆಗೆ ಅಂದಾಜಿಗೆ ಹಂಚ್ತಾರೆ, ಅಲ್ಲೇ ಜಗಳ. ಹಾಗೇ ಬಂದ ಬಡ್ಡಿ ಮಾತ್ರ ಹಂಚಬೇಕು. ಬರಬೇಕಾದ ಬಡ್ಡಿ ಪುಸ್ತಕದಲ್ಲಿ ಎಷ್ಟೇ ಇರಲಿ, ಕೈಗೆ ಬರೋವರೆಗೂ ಅದು ನಮ್ಮದಲ್ಲ. ಬ್ಯಾಂಕ್ ಸಾಲ ತಂದು ಒಳಗೆ ಕೊಟ್ಟ ಸಂಘಗಳು ಬ್ಯಾಂಕಿಗೆ ಕಟ್ಟಿದ ಬಡ್ಡಿ ಮೊದಲು ಕಳೀಬೇಕು. ಸರ್ಕಾರ ಕೊಟ್ಟ ಸುತ್ತುನಿಧಿಯನ್ನ ಲಾಭ ಅಂತ ಎಣಿಸಿ ಹಂಚಬಾರದು.

ಹಂಚೋಕೆ ಮುಂಚೆ ತಾಳೆ ನೋಡಿ. ನಮ್ಮದು ಉಳಿತಾಯ 72,000, ಉಳಿದ ಬಡ್ಡಿ 18,684, ಸೇರಿ 90,684. ಇಷ್ಟು ದುಡ್ಡು ಎಲ್ಲಾದ್ರೂ ಇರಲೇಬೇಕು. ಸದಸ್ಯರ ಹತ್ರ ಇರೋ ಸಾಲದ ಅಸಲು 78,000, ಬ್ಯಾಂಕಿನಲ್ಲಿ 11,944, ಪೆಟ್ಟಿಗೆಯಲ್ಲಿ 740. ಕೂಡಿದ್ರೆ 90,684. ತಾಳೆ ಆಯ್ತು. ನಿಮ್ಮಲ್ಲಿ ಈ ಎರಡು ಕಡೆ ಸೇರದೇ ಇದ್ರೆ ಹಂಚೋ ಮಾತು ನಿಲ್ಲಿಸಿ, ವ್ಯತ್ಯಾಸ ಎಲ್ಲಿದೆ ಅಂತ ತಿಂಗಳಿಂದ ತಿಂಗಳಿಗೆ ಹಿಂದಕ್ಕೆ ಹೋಗಿ ಹುಡುಕಿ.

ಇದೇ ಲೆಕ್ಕದಲ್ಲಿ ಇನ್ನೊಂದು ವಿಷಯ ಕಾಣುತ್ತೆ. ಹಂಚಬೇಕಾದ್ದು 18,684, ಆದ್ರೆ ಬ್ಯಾಂಕು, ಪೆಟ್ಟಿಗೆ ಸೇರಿ ಕೈಯಲ್ಲಿರೋದು 12,684. ಆರು ಸಾವಿರ ಕಡಿಮೆ. ಪುಸ್ತಕದ ಲಾಭ ಸಾಲದ ರೂಪದಲ್ಲಿ ನಮ್ಮ ಹೊಲದಲ್ಲೇ ಇದೆ. ನಗದು ಕೊಡ್ತೀವಿ ಅಂತ ಹೊರಟ್ರೆ ಪೆಟ್ಟಿಗೆ ಖಾಲಿ, ಮುಂದಿನ ತಿಂಗಳು ಆಸ್ಪತ್ರೆಗೆ ಅಂತ ಬಂದೋರಿಗೆ ಸಾಲ ಇಲ್ಲ. ಅದಕ್ಕೆ ನಮ್ಮ ಸಂಘಕ್ಕೆ ನಾನು ಹೇಳಿರೋದು, ಪಾಲನ್ನ ಅವರವರ ಉಳಿತಾಯಕ್ಕೆ ಸೇರಿಸಿ ಪಾಸ್ ಪುಸ್ತಕದಲ್ಲಿ ಬರೆದುಕೊಡೋಣ ಅಂತ. ಹಳಬಳ ಉಳಿತಾಯ 9,198, ಹೊಸಬಳದು 2,634 ಆಗುತ್ತೆ. ಆ ತಿಂಗಳಿಂದ ಸೇರಿಸಿದ ಪಾಲೂ ದುಡಿಯೋಕೆ ಶುರು ಮಾಡುತ್ತೆ.

ಕೊನೆಗೆ ನಡಾವಳಿ ಪುಸ್ತಕ. ಹಂಚುವ ನಿಯಮವನ್ನ ಎಷ್ಟು ದುಡ್ಡಿದೆ ಅಂತ ಗೊತ್ತಾಗೋ ಮುಂಚೆ, ವರ್ಷದ ಮೊದಲ ಸಭೆಯಲ್ಲೇ ಬರೀಬೇಕು. ಮೊತ್ತ ಗೊತ್ತಾದ ಮೇಲೆ ಪ್ರತಿಯೊಬ್ಬರೂ ತಮಗೆ ಹೆಚ್ಚು ಬರೋ ನಿಯಮಾನೇ ನ್ಯಾಯ ಅಂತಾರೆ. ನಾವು ಈಗ ಮಾತಾಡ್ತಿರೋದೂ ತಡವಾಗೇ, ಅದಕ್ಕೇ ಎರಡು ಸಭೆ ಹಿಡೀತು. ಮುಂದಿನ ಸುತ್ತಿಗೆ ಹೀಗೆ ಬರೆಯೋದು ಅಂತ ಕರಡು ಮಾಡಿದ್ದೀನಿ: "ಹಾಜರಿದ್ದ ಸದಸ್ಯರು ಇಷ್ಟು. ಕೈಗೆ ಬಂದ ಬಡ್ಡಿ ಮತ್ತು ದಂಡದಲ್ಲಿ ಖರ್ಚು ಕಳೆದು ಉಳಿದ ಹಣವನ್ನು, ಪ್ರತಿ ಸದಸ್ಯರ ತಿಂಗಳ ಕೊನೆಯ ಉಳಿತಾಯ ಬಾಕಿಗಳ ಒಟ್ಟು ಮೊತ್ತದ ಪ್ರಕಾರ ಹಂಚಿ, ಅವರವರ ಉಳಿತಾಯಕ್ಕೆ ಸೇರಿಸುವುದೆಂದು ತೀರ್ಮಾನಿಸಲಾಯಿತು." ಕೆಳಗೆ ಸೂಚಿಸಿದವರು, ಅನುಮೋದಿಸಿದವರು, ಎಲ್ಲರ ಸಹಿ ಅಥವಾ ಹೆಬ್ಬೆಟ್ಟು. ಸಹಿಗೂ ಬರಹಕ್ಕೂ ಮಧ್ಯೆ ಖಾಲಿ ಸಾಲು ಇದ್ರೆ ಗೆರೆ ಎಳೀಬೇಕು. ಬರೆದದ್ದನ್ನ ಸಭೆಯಲ್ಲೇ ಜೋರಾಗಿ ಓದಬೇಕು, ಯಾಕಂದ್ರೆ ಹೆಬ್ಬೆಟ್ಟು ಒತ್ತೋರಿಗೆ ಅದನ್ನ ತಿಳಿಯೋಕೆ ಇರೋದು ಅದೊಂದೇ ದಾರಿ.

ನಿಮ್ಮ ಸಂಘದಲ್ಲಿ ಹೇಗೆ ಹಂಚ್ತೀರಿ, ಕೆಳಗೆ ಬರೀರಿ. ಸಮ ಹಂಚೋದೇ ಸರಿ ಅನ್ನೋರೂ ಬರೀರಿ, ಆದ್ರೆ ನಿಮ್ಮ ಲೆಕ್ಕದ ಜೊತೆಗೆ.